3 ವರ್ಷ ಕಳೆದರೆ ಕೇಸ್ ತಾನಾಗಿ ರದ್ದಾಗುತ್ತದೆಯೇ?

"ಹೊಸ ಕಾನೂನಿನಲ್ಲಿ ಕ್ರಿಮಿನಲ್ ಕೇಸ್ 3 ವರ್ಷದಲ್ಲಿ ಮುಗಿಯದಿದ್ದರೆ ತಾನಾಗಿ ರದ್ದಾಗುತ್ತೆ."

ಇಲ್ಲ, ಹಾಗೆ ಆಗುವುದಿಲ್ಲ. 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆ ಎಂಬ ಹೊಸ ಕ್ರಿಮಿನಲ್ ವಿಚಾರಣಾ ಕಾನೂನಿನಲ್ಲಿ ಕೆಲವು ಹಂತಗಳಿಗೆ ಗಡುವು ಇದೆ, ಇಡೀ ವಿಚಾರಣೆಗೆ ಇಲ್ಲ. ಕರ್ನಾಟಕದಿಂದಲೇ ಹೋದ ರಾಮಚಂದ್ರ ರಾವ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 2002ರಲ್ಲೇ ಅಂಥ ಗಡುವು ಹಾಕಲಾಗದು ಎಂದಿದೆ. 3 ವರ್ಷದ ಮಾತನ್ನು ನಂಬಿ ಕೋರ್ಟಿಗೆ ಹಾಜರಾಗದಿದ್ದರೆ ವಾರಂಟ್ ಬರುತ್ತದೆ, ದಯವಿಟ್ಟು ತಪ್ಪಿಸಬೇಡಿ.

ತಡ ಯಾಕೆ? ನ್ಯಾಯಾಧೀಶರ ಕೊರತೆ ಇದೆ, ನಿಜ. ಆದರೆ ಜನರನ್ನು, ವರದಿಗಳನ್ನು ಕೋರ್ಟಿಗೆ ತರುವುದರಲ್ಲೂ ಬಹಳ ಸಮಯ ಹೋಗುತ್ತದೆ. ಸಾಕ್ಷಿಗೆ ಸಮನ್ಸ್ ತಲುಪಿರುವುದಿಲ್ಲ, ತನಿಖಾಧಿಕಾರಿಗೆ ವರ್ಗವಾಗಿರುತ್ತದೆ, ವಿಧಿವಿಜ್ಞಾನ ಪ್ರಯೋಗಾಲಯದ ವರದಿ ಬಂದಿರುವುದಿಲ್ಲ. ನಾಲ್ವರು ಆರೋಪಿಗಳಲ್ಲಿ ಒಬ್ಬ ತಲೆಮರೆಸಿಕೊಂಡರೂ ಎಲ್ಲರ ಕೇಸ್ ನಿಂತುಬಿಡಬಹುದು. ಆಗ ಅವನ ಕೇಸ್ ಬೇರ್ಪಡಿಸಿ ಎಂದು ವಕೀಲರಿಂದ ಅರ್ಜಿ ಹಾಕಿಸಬಹುದು.

ಮನೆಯವರು ಜೈಲಿನಲ್ಲಿದ್ದರೆ ಇದೇ ಸಂಹಿತೆಯ ಕಲಂ 479 ನೋಡಿ. ಹಿಂದೆ ಯಾವ ಅಪರಾಧಕ್ಕೂ ಶಿಕ್ಷೆಯಾಗದ ಆರೋಪಿ ಗರಿಷ್ಠ ಶಿಕ್ಷೆಯ ಮೂರನೇ ಒಂದು ಭಾಗ ಒಳಗೇ ಕಳೆದಿದ್ದರೆ ಬಾಂಡ್ ಮೇಲೆ ಬಿಡುಗಡೆ ಸಿಗಬೇಕು. ಉದಾಹರಣೆಗೆ, ಸಾಮಾನ್ಯ ಕಳ್ಳತನಕ್ಕೆ ಗರಿಷ್ಠ 3 ವರ್ಷ, ಅಂದರೆ 1 ವರ್ಷಕ್ಕೆ ಕೇಳಬಹುದು. ಮರಣದಂಡನೆ, ಜೀವಾವಧಿ ಶಿಕ್ಷೆಯ ಆರೋಪಗಳಿಗೆ ಇದಿಲ್ಲ. ಬೇರೆ ಕೇಸ್‌ಗಳೂ ಬಾಕಿ ಇದ್ದರೆ ಸಿಗುವುದಿಲ್ಲ. ಬಿಡುಗಡೆಯಾದರೂ ಕೇಸ್ ನಡೆಯುತ್ತಲೇ ಇರುತ್ತದೆ.

ಈ ಬಿಡುಗಡೆಗೆ ಕೋರ್ಟಿಗೆ ಅರ್ಜಿ ಹಾಕುವುದು ಜೈಲು ಅಧೀಕ್ಷಕರ ಹೊಣೆ. ಸುಮ್ನೆ ಕಾಯಬೇಡಿ, ದಿನ ಲೆಕ್ಕ ಹಾಕಿ ಬರವಣಿಗೆಯಲ್ಲಿ ನೆನಪಿಸಿ. ಬಂಧನದಲ್ಲಿರುವವರಿಗೆ ಆದಾಯ ಎಷ್ಟೇ ಇರಲಿ, ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರ ಉಚಿತ ವಕೀಲರನ್ನು ಕೊಡುತ್ತದೆ. ಸಹಾಯವಾಣಿ 15100.