ಹದಿನೈದನೇ ತಾರೀಕು, ಸೋಮವಾರ

ಜುಲೈ 15, ಬೆಳಗ್ಗೆ ಆರೂಕಾಲು. ಮಂಗಳೂರಿನಲ್ಲಿ ರಾತ್ರಿಯಿಡೀ ಮಳೆ. ಮೊಬೈಲ್ ಟುಂಯ್ ಅಂತು. ಮಗಳ ನಾಲ್ಕನೇ ಕ್ಲಾಸಿನ ಗ್ರೂಪಿನಲ್ಲಿ ಜಿಲ್ಲಾಧಿಕಾರಿಗಳ ಆದೇಶದ ಫೋಟೋ: ಭಾರೀ ಮಳೆಯ ಕಾರಣ ಅಂಗನವಾಡಿಯಿಂದ ಹಿಡಿದು ಪಿಯು ಕಾಲೇಜಿನವರೆಗೆ ಇವತ್ತು ರಜೆ. ಇಡ್ಲಿ ಹಿಟ್ಟನ್ನು ಮತ್ತೆ ಫ್ರಿಜ್ಜಿಗೆ ತಳ್ಳಿ ನಾನೂ ಹೊದ್ದು ಮಲಗಿದೆ.

ಒಂಬತ್ತೂವರೆಗೆ ಕ್ಲಾಸ್ ಟೀಚರ್ ಫೋನು. "ಮಗುಗೆ ಹುಷಾರಿಲ್ವಾ?"

ಫೋಟೋವನ್ನು ದೊಡ್ಡದು ಮಾಡಿ ನೋಡಿದೆ. ಜುಲೈ 15 ಅಂತಲೇ ಇತ್ತು. ಆದರೆ ಪಕ್ಕದಲ್ಲಿ ಸೋಮವಾರ ಅಂತ ಇತ್ತು, ನಾನು ಕೂತಿದ್ದದ್ದು ಮಂಗಳವಾರದಲ್ಲಿ. ಕಳೆದ ವರ್ಷದ ಆದೇಶ! ಇಸವಿ ಇದ್ದ ಮೂಲೆಯನ್ನು ಯಾರೋ ಪುಣ್ಯಾತ್ಮರು ಕತ್ತರಿಸಿ ಕಳಿಸಿದ್ದರು. ಒಂದು ವರ್ಷ ಕಳೆದರೆ ಅದೇ ತಾರೀಕು ವಾರದಲ್ಲಿ ಒಂದು ದಿನ ಮುಂದಕ್ಕೆ ಜಾರುತ್ತದೆ, ಮಧ್ಯೆ ಫೆಬ್ರವರಿ 29 ಬಂದರೆ ಎರಡು. ಅಂದರೆ ಕಳೆದ ವರ್ಷದ ಆದೇಶ ಹೊಸ ವೇಷದಲ್ಲಿ ಬಂದರೂ ವಾರ ಮಾತ್ರ ಸುಳ್ಳು ಹೇಳುವುದಿಲ್ಲ. ಇದು ಗೊತ್ತಾಗುವ ಹೊತ್ತಿಗೆ ಗ್ರೂಪಿನಲ್ಲಿ ಹದಿನೇಳು ಜನ ಕೈ ಮುಗಿದು ಧನ್ಯವಾದ ಹೇಳಿಯಾಗಿತ್ತು. ಅದರಲ್ಲಿ ಒಂದು ಕೈ ನನ್ನದೇ.

ಸರಿ, ಇನ್ನು ಹುಷಾರಾಗಿರಬೇಕು ಅಂದುಕೊಂಡೆ. ಅಷ್ಟರಲ್ಲಿ ಎರಡನೇ ಕಂತಿನ ಫೀಸು ಬಂತು.

ಜುಲೈ 28ಕ್ಕೆ ಸರ್ಕ್ಯುಲರ್ ಬಂತು, ಅದೂ ಫೋಟೋ. ಅಡ್ಮಿನ್ ಅದನ್ನು ಗ್ರೂಪಿನ ತಲೆಯ ಮೇಲೆ ಪಿನ್ ಮಾಡಿದರು. ಅಲ್ಲೇ ಇರುತ್ತಲ್ಲ, ಬೇಕಾದಾಗ ನೋಡಿದರಾಯ್ತು ಅಂತ ನಾನು ನಿಶ್ಚಿಂತೆ. ಆದರೆ ಆ ಪಿನ್ ಏಳೇ ದಿನದ್ದು! ಆಗಸ್ಟ್ 5ಕ್ಕೆ ನೋಡುತ್ತೇನೆ, ತಲೆ ಖಾಲಿ. "ಫೀಸ್" ಅಂತ ಹುಡುಕಿದೆ. ವಾಟ್ಸಾಪ್ ಹುಡುಕಾಟ ಟೈಪ್ ಮಾಡಿದ ಅಕ್ಷರವನ್ನು ಮಾತ್ರ ಓದುತ್ತದೆ, ಫೋಟೋದೊಳಗಿನದನ್ನಲ್ಲ. ಹಾಗಾಗಿ ಸಿಕ್ಕಿದ್ದೆಲ್ಲ "ಫೀಸ್ ಡೇಟ್ ಯಾರಿಗಾದ್ರೂ ಗೊತ್ತಾ?" ಅನ್ನುವ ನನ್ನಂಥವರ ಪ್ರಶ್ನೆಗಳು. ಉತ್ತರ ಕೊಟ್ಟವರೂ ಮತ್ತೆ ಅದೇ ಫೋಟೋವನ್ನೇ ಹಾಕಿದ್ದರು, ಅದು ಎರಡು ಹುಟ್ಟುಹಬ್ಬ, ಒಂದು ಕಳೆದುಹೋದ ಟಿಫಿನ್ ಡಬ್ಬಿ ಮತ್ತು ಅರವತ್ತು "ಓಕೆ ಟೀಚರ್"ಗಳ ಅಡಿಯಲ್ಲಿ ಹೂತುಹೋಗಿತ್ತು.

ಕೊನೆಗೂ ಸಿಕ್ಕಿತು. ಕೊನೆಯ ದಿನ ಆಗಸ್ಟ್ 9. ಅಬ್ಬ, ಇನ್ನೂ ನಾಲ್ಕು ದಿನ ಇದೆ! ಗುರುವಾರ ವರಮಹಾಲಕ್ಷ್ಮಿ ಹಬ್ಬಕ್ಕೆ ಹೂವು, ಕಾಯಿ. ಶುಕ್ರವಾರ ಹಬ್ಬ. ಲಕ್ಷ್ಮಿಯನ್ನು ಮನೆಗೆ ಕರೆದು, ಹೋಳಿಗೆ ತಿಂದು, ಶನಿವಾರ ಚಲನ್ ಹಿಡಿದು ಬ್ಯಾಂಕಿಗೆ ಹೋದೆ. ಬೀಗ. ಎರಡನೇ ಶನಿವಾರ! ನಮ್ಮ ಶಾಲೆಯ ಫೀಸು ಚಲನ್‌ನಲ್ಲೇ ಕಟ್ಟಬೇಕು. ಸೋಮವಾರ ಕಟ್ಟಿದೆ, ಜೊತೆಗೆ ನೂರು ರೂಪಾಯಿ ಫೈನ್. ಮನೆಯವರು ಏನೂ ಅನ್ನಲಿಲ್ಲ. ಕ್ಯಾಲೆಂಡರಿನಲ್ಲಿ ಕೆಂಪಗಿದ್ದ 9ನ್ನು ಸುಮ್ನೆ ಬೆರಳಲ್ಲಿ ತೋರಿಸಿದರು. ಅನ್ನುವುದಕ್ಕಿಂತ ಅದು ಜಾಸ್ತಿ ಆಯ್ತು.

ಆಮೇಲೆ ನಾನೊಂದು ಪದ್ಧತಿ ಮಾಡಿಕೊಂಡೆ. ಸರ್ಕ್ಯುಲರ್ ಬಂದ ಕೂಡಲೇ ನನಗೆ ನಾನೇ ಕಳಿಸಿಕೊಳ್ಳುತ್ತೇನೆ, ಕೆಳಗೆ ಕೈಯಾರೆ "ಫೀಸ್, ಮೂರನೇ ಕಂತು" ಅಂತ ತಾರೀಕಿನ ಸಮೇತ ಟೈಪ್ ಮಾಡುತ್ತೇನೆ. ಈಗ ಹುಡುಕಿದರೆ ಸಿಗುತ್ತದೆ. ಗ್ಯಾಸ್ ಮತ್ತು ಹಾಲಿನ ಲೆಕ್ಕ ಬರೆಯುವ ಗೋಡೆ ಕ್ಯಾಲೆಂಡರಿನಲ್ಲೂ ಬರೆಯುತ್ತೇನೆ, ಆದರೆ ಕೊನೆಯ ದಿನದ ಮೇಲಲ್ಲ. ಅಲ್ಲಿಂದ ಹಿಂದಕ್ಕೆ ಎಣಿಸಿ, ಭಾನುವಾರ, ಎರಡನೇ ಮತ್ತು ನಾಲ್ಕನೇ ಶನಿವಾರ, ಹಬ್ಬ ಎಲ್ಲ ದಾಟಿ ಸಿಗುವ ಎರಡನೇ ಕೆಲಸದ ದಿನದ ಮೇಲೆ. ಹೀಗೆ ಮಾಡಿದ್ದರೆ ಆಗಸ್ಟ್‌ನಲ್ಲಿ ನನಗೆ ಬುಧವಾರ ಸಿಗುತ್ತಿತ್ತು, ಅಲ್ವಾ? ಒಂದೇ ತೊಂದರೆ, ಮನೆಯವರು ಅದನ್ನೇ ಕೊನೆಯ ದಿನ ಅಂದುಕೊಂಡು ದಿನವಿಡೀ ನನಗೆ ನೆನಪಿಸುತ್ತಾರೆ.

ಅದೇ ತಿಂಗಳ ಕೊನೆಗೆ ಮತ್ತೆ ಮಳೆ, ಮತ್ತೆ ಬೆಳಗ್ಗೆ ಆದೇಶದ ಫೋಟೋ. ಈ ಸಲ ನಾನು ಮೋಸ ಹೋಗಲಿಲ್ಲ. ತಾರೀಕು ನೋಡಿದೆ, ಸರಿ. ವಾರ ನೋಡಿದೆ, ಸರಿ. ಇಸವಿ ಕಾಣಲಿಲ್ಲ. ಅನುಮಾನ ಬಂದು ಮಗಳಿಗೆ ರೈನ್‌ಕೋಟ್ ಹಾಕಿ, ಆಟೋ ಹಿಡಿದು, ಮೊಣಕಾಲುದ್ದ ನೀರಿನಲ್ಲಿ ಶಾಲೆ ಮುಟ್ಟಿದೆ. ಗೇಟು ಮುಚ್ಚಿತ್ತು. ವಾಚ್‌ಮನ್ ಕೊಡೆ ಹಿಡಿದು ಹೊರಗೆ ಬಂದ.

"ಇವತ್ತು ರಜೆ ಅಲ್ವಾ ಅಕ್ಕ? ಗ್ರೂಪ್ ನೋಡಿಲ್ವಾ?"