ಚೌಕಾದ ಬೆಳಕು

ಮುಂಬಯಿಯ ಚೋರ್ ಬಜಾರಿನಲ್ಲಿ ದುರ್ಬೀನು ಕೊಳ್ಳುವವರೆಲ್ಲ ಮಾಡುವ ತಪ್ಪನ್ನೇ ನಾನೂ ಮಾಡಿದೆ. ದುರ್ಬೀನಿನೊಳಗಿಂದ ನೋಡಿದೆ, ದುರ್ಬೀನನ್ನು ನೋಡಲಿಲ್ಲ. ಎದುರು ಮಾಳಿಗೆಯ ತಂತಿಯ ಮೇಲಿದ್ದ ಬನಿಯನ್ನಿನ ತೂತೂ ಕಂಡಿತು. ದುಡ್ಡು ಕೊಟ್ಟು ಮನೆಗೆ ಬಂದೆ.

ಪಕ್ಕದ ಮನೆಯ ಶೆಟ್ರು ಬಹಳ ಕಾಲ ಹಡಗಿನಲ್ಲಿದ್ದವರು. ನಮ್ಮ ಗ್ಯಾಲರಿಗೆ ಬಂದು ದುರ್ಬೀನು ತೆಗೆದುಕೊಂಡವರು ಅದನ್ನು ಕಣ್ಣಿಗೆ ಹಿಡಿಯಲೇ ಇಲ್ಲ. ತೋಳುದ್ದ ದೂರ ಹಿಡಿದು, ಆಕಾಶದ ಕಡೆ ತಿರುಗಿಸಿ, ಕಣ್ಣಿಡುವ ಗಾಜಿನಲ್ಲಿ ಬೆಳಗುವ ಪುಟ್ಟ ಬಿಲ್ಲೆಯನ್ನು ನೋಡಿದರು. "ಚೌಕ ಉಂಟಲ್ಲ ಮಾರಾಯ್ರೆ!" ಎಂದರು.

ಹೌದು, ಚೌಕವೇ. ಮುಂದಿನ ಗಾಜು ಗುಂಡಗಿದೆ, ಕೊಳವೆ ಗುಂಡಗಿದೆ, ಬಿಲ್ಲೆಯ ನಾಲ್ಕು ಅಂಚು ಮಾತ್ರ ಯಾರೋ ಕತ್ತರಿಸಿದ ಹಾಗೆ ಮಬ್ಬು.

ಕತ್ತರಿಸಿದ್ದು ಒಳಗಿನ ಪ್ರಿಸಂ. ದುರ್ಬೀನಿನ ಎರಡು ಮಸೂರಗಳಷ್ಟೇ ಇದ್ದರೆ ಲೋಕ ತಲೆಕೆಳಗಾಗಿ, ಎಡ ಬಲ ಅದಲುಬದಲಾಗಿ ಕಾಣುತ್ತದೆ. ಅದನ್ನು ನೆಟ್ಟಗೆ ಮಾಡಲು ಇಂಥ ಜೋಡಿ ಕೊಳವೆಯ ದುರ್ಬೀನಿನಲ್ಲಿ ಪ್ರತಿ ಕೊಳವೆಯಲ್ಲೂ ಎರಡು ಲಂಬಕೋನ ಪ್ರಿಸಂ ಇರುತ್ತವೆ. 1854ರಲ್ಲಿ ಇಟಲಿಯ ಇಗ್ನಾಜಿಯೊ ಪೊರೊ ಪೇಟೆಂಟ್ ಪಡೆದ ಜೋಡಣೆ ಅದು. ಪೆರಿಸ್ಕೋಪಿನಲ್ಲಿ ಇದೇ ಪ್ರಿಸಂ ಕಿರಿಯ ಮುಖದಿಂದ ಬೆಳಕನ್ನು ಒಳಗೆ ಬಿಟ್ಟುಕೊಂಡು, ಉದ್ದದ ಇಳಿಜಾರಿನಲ್ಲಿ ಒಮ್ಮೆ ಪುಟಿಸಿ 90 ಡಿಗ್ರಿ ತಿರುಗಿಸುತ್ತದೆ. ಪೊರೊ ಅದನ್ನೇ ಮಗುಚಿ ಹಾಕಿದ. ಬೆಳಕು ಉದ್ದದ ಮುಖದಿಂದ ಹೊಕ್ಕು, ಎರಡು ಕಿರಿಯ ಮುಖಗಳಲ್ಲಿ ಒಂದೊಂದು ಸಲ ಪುಟಿದು, ಬಂದ ದಾರಿಯ ಪಕ್ಕದಲ್ಲೇ ವಾಪಸ್ ಹೊರಡುತ್ತದೆ. ಮೊದಲ ಪ್ರಿಸಂ ಮೇಲು ಕೆಳಗನ್ನು ಬದಲಿಸಿದರೆ, ಅದಕ್ಕೆ ಅಡ್ಡಲಾಗಿ ಕೂತ ಎರಡನೆಯದು ಎಡ ಬಲವನ್ನು.

ಈ ಕಿರಿಯ ಮುಖಗಳಿಗೆ ಕನ್ನಡಿಯ ಲೇಪವಿಲ್ಲ, ಬರೀ ಗಾಜು. ಲೋಟದಲ್ಲಿ ನೀರು ತುಂಬಿ ಮೇಲಿನಿಂದ ಓರೆಯಾಗಿ ಒಳಗೋಡೆ ನೋಡಿ, ಬೆಳ್ಳಿಯ ಹಾಗೆ ಹೊಳೆಯುತ್ತದೆ. ಹೊರಗೆ ಒಣ ಬೆರಳು ಮುಟ್ಟಿಸಿದರೆ ಕಂಡೂ ಕಾಣದು. ಬೆರಳು ಒದ್ದೆ ಮಾಡಿ ಒತ್ತಿದರೆ ಗೆರೆಗಳೆಲ್ಲ ಎದ್ದು ಕಾಣುತ್ತವೆ. ಮುಟ್ಟಿದಲ್ಲಿ ಬೆಳಕು ಸೋರಿಹೋಯಿತು, ಮುಟ್ಟದಲ್ಲಿ ಪೂರ್ತಿ ಪುಟಿಯಿತು. ರಿಪೇರಿಯವರು ಪ್ರಿಸಮ್ಮಿನ ಅಂಚು ಮಾತ್ರ ಹಿಡಿಯುವುದು ಇದಕ್ಕೇ.

ಈ ಪೂರ್ಣ ಆಂತರಿಕ ಪ್ರತಿಫಲನಕ್ಕೆ ಒಂದು ಷರತ್ತಿದೆ. ಬೆಳಕು ಸಾಕಷ್ಟು ಓರೆಯಾಗಿ ಬೀಳಬೇಕು. ಮುಖಕ್ಕೆ ಲಂಬವಾದ ಗೆರೆಯಿಂದ ಅಳೆದ ಆ ಕನಿಷ್ಠ ಓರೆಯೇ ಕ್ರಾಂತಿಕೋನ. ಅಗ್ಗದ ದುರ್ಬೀನಿನ ಬಿಕೆ7 ಗಾಜಿಗೆ ಅದು 41.2 ಡಿಗ್ರಿ. ನಟ್ಟನಡುವೆ ಬರುವ ಕಿರಣ 45ರಲ್ಲಿ ಬೀಳುವುದರಿಂದ ಅದಕ್ಕೇನೂ ತೊಂದರೆಯಿಲ್ಲ. ಆದರೆ ನನ್ನದು 7x50, ಅಂದರೆ ಏಳು ಪಟ್ಟು ಹಿಗ್ಗಿಸುವ, ಮುಂದಿನ ಗಾಜು ಐವತ್ತು ಮಿಲಿಮೀಟರ್ ಅಗಲದ್ದು. ಐವತ್ತು ಮಿಲಿಮೀಟರ್ ಅಗಲದ ಗಾಜಿನ ಬೆಳಕು ಸುಮಾರು ಇನ್ನೂರು ಮಿಲಿಮೀಟರಿನಲ್ಲಿ ಒಂದು ಬಿಂದುವಿಗೆ ಸೇರಬೇಕಾದರೆ ಅಂಚಿನ ಕಿರಣಗಳು 7 ಡಿಗ್ರಿಯಷ್ಟು ವಾಲಿ ಬರುತ್ತವೆ. ಗಾಜಿನೊಳಗೆ ಆ ವಾಲು 4.7ಕ್ಕೆ ಇಳಿಯುತ್ತದೆ. 45ರಲ್ಲಿ ಅದನ್ನು ಕಳೆದರೆ 40.3. ಒಂದೇ ಒಂದು ಡಿಗ್ರಿಯ ಕೊರತೆ, ಕಿರಣದ ಬಹುಪಾಲು ಹೊರಗೆ! ಈ ಕಡೆ ವಾಲಿದ್ದು ಮೊದಲ ಮುಖದಲ್ಲಿ ಸೋರಿದರೆ, ಆ ಕಡೆ ವಾಲಿದ್ದು ಎರಡನೆಯದರಲ್ಲಿ. ಹೀಗೆ ಒಂದು ಪ್ರಿಸಂ ಎದುರುಬದುರಿನ ಎರಡು ಅಂಚು ತಿನ್ನುತ್ತದೆ, ಅಡ್ಡ ಕೂತದ್ದು ಉಳಿದೆರಡನ್ನು. ದುಂಡು ಚೌಕವಾಯಿತು. ದುಬಾರಿ ದುರ್ಬೀನಿನ ಬಿಎಕೆ4 ಗಾಜಿನ ಕ್ರಾಂತಿಕೋನ 39.6 ಆದ್ದರಿಂದ ಅಲ್ಲಿ ಅದೇ ಕಿರಣ ದಾಟಿ ಬರುತ್ತದೆ.

ಇಷ್ಟು ಲೆಕ್ಕ ಹಾಕಿ ಎರಡು ದಿನ ಮುಖ ಊದಿಸಿಕೊಂಡಿದ್ದೆ. ಆಮೇಲೆ ಹೊಳೆಯಿತು. ಬಿಲ್ಲೆಯ ಅಗಲ ಐವತ್ತನ್ನು ಏಳರಿಂದ ಭಾಗಿಸಿದಷ್ಟು, ಅಂದರೆ 7 ಮಿಲಿಮೀಟರ್. ಹಗಲಲ್ಲಿ ನನ್ನ ಕಣ್ಣಿನ ಪಾಪೆ ತೆರೆಯುವುದೇ ಎರಡು ಮೂರು ಮಿಲಿಮೀಟರ್. ಮಬ್ಬು ಅಂಚು ಕಣ್ಣೊಳಗೆ ಬರುವುದೇ ಇಲ್ಲ! ಪಾಪೆ ಅರಳುವ ಕತ್ತಲಲ್ಲಿ ಮಾತ್ರ ನಷ್ಟ. ಕತ್ತಲಲ್ಲಿ ಹಡಗು ಹುಡುಕುವ ಶೆಟ್ರಿಗೆ ಅದು ಮುಖ್ಯ, ಹಕ್ಕಿ ನೋಡುವ ನನಗೇನು?

ಭಾನುವಾರ ಶಿವಡಿಗೆ ಹೋದೆವು. ಇಳಿತದ ಕೆಸರಿನಲ್ಲಿ ರಾಜಹಂಸಗಳ ಗುಲಾಬಿ ಪಟ್ಟಿ. ದುರ್ಬೀನು ಹೆಂಡತಿಯ ಕೈಗೆ ಕೊಟ್ಟೆ. ಬಹಳ ಹೊತ್ತು ನೋಡಿ ಹೇಳಿದಳು: "ರೀ, ನಿಮ್ಮದು ಇನ್ನೂ ಕೆಟ್ಟಿದೆ. ಹಕ್ಕಿ ನೆಟ್ಟಗಿದೆ, ಕೊಕ್ಕು ಮಾತ್ರ ತಲೆಕೆಳಗಾಗಿ ಕಾಣ್ತಿದೆ."

ಪ್ರಿಸಮ್ಮಿನ ತಪ್ಪಲ್ಲ ಮಾರಾಯ್ತಿ, ರಾಜಹಂಸ ಉಣ್ಣುವುದೇ ಹಾಗೆ.