ಕೆರೆ ಕಡೆ ಹೋದ ಕತೆ

ನಮ್ಮ ಬೀದಿಯ ಮ್ಯಾನ್‌ಹೋಲ್ ಉಕ್ಕಲು ಶುರುವಾಗಿ ಇವತ್ತಿಗೆ 11 ದಿನ. ಹಾಲು ಉಕ್ಕಿದರೆ ಮನೆಗೆ ಒಳ್ಳೇದು ಅಂತಾರೆ. ಇದು ಉಕ್ಕಿದರೆ ಯಾರಿಗೆ ಒಳ್ಳೇದು ಅಂತ ಕೇಳೋಣ ಅಂತ ಹೊರಟೆ. ಯಾವ ಕಚೇರಿಗೆ ಹೋಗಬೇಕು ಅನ್ನೋದೇ ತಿಳಿಯಲಿಲ್ಲ.

ನಮ್ಮದು ಮೈಸೂರಿನ ರಿಂಗ್ ರಸ್ತೆ ಪಕ್ಕದ ಊರು. 2020ರಲ್ಲಿ ಹೂಟಗಳ್ಳಿ ನಗರಸಭೆ ಆಯಿತು. ಬೋಗಾದಿ, ಶ್ರೀರಾಂಪುರ, ರಮ್ಮನಹಳ್ಳಿ, ಕಡಕೊಳ ಪಟ್ಟಣ ಪಂಚಾಯಿತಿಗಳಾದವು. ಇವುಗಳಲ್ಲಿ ಒಂದರ ಹೊಟ್ಟೆಗೆ ನಮ್ಮೂರೂ ಬಿತ್ತು. ಉದ್ಯೋಗ ಖಾತ್ರಿ ಹಳ್ಳಿಯವರಿಗೆ ಮಾತ್ರ, ಹಾಗಾಗಿ ಜಾಬ್ ಕಾರ್ಡ್ ಹೋಯಿತು. ಪಟ್ಟಣದ ಕಂದಾಯ ಬಂತು. ಪಟ್ಟಣದ ಒಳಚರಂಡಿ ಇನ್ನೂ ದಾರೀಲಿದೆ.

ನಮ್ಮ ಬಡಾವಣೆಯಲ್ಲಿ ಪೈಪ್ ಇಲ್ಲ ಅಂತಲ್ಲ. ಬಡಾವಣೆ ಮಾಡಿದವರು ಹಾಕಿದ್ದಾರೆ, ಇಳಿಜಾರೂ ಸರಿಯಾಗಿದೆ. ನಮ್ಮೆಲ್ಲರ ಮನೆಯದ್ದೂ ಶಿಸ್ತಾಗಿ ಹರಿದು ಕೊನೆಯ ಗುಂಡಿಗೆ ಹೋಗುತ್ತದೆ. ಅಲ್ಲಿಂದ ಶುದ್ಧೀಕರಣ ಘಟಕಕ್ಕೆ ಹೋಗುವ ದೊಡ್ಡ ಕೊಳವೆ ಇರಬೇಕಿತ್ತು. ಅದು ನಕ್ಷೆಯಲ್ಲಿದೆ. ಮನೆಗಳು ಎದ್ದಿರದಿದ್ದಾಗ ಇದೇನೂ ತೊಂದರೆ ಅನ್ನಿಸಲಿಲ್ಲ. ಒಣಗಿದ ಪೈಪನ್ನು ನೋಡಿ ಕಾಮಗಾರಿ ಮುಗಿದಿದೆ ಅಂತ ಬರೆದುಕೊಟ್ಟರು, ಸೈಟ್‌ಗಳು ಬಿಡುಗಡೆ ಆದವು.

ಈಗ 200 ಮನೆ. ಮನೆಗೆ ನಾಲ್ಕು ಜನ, ಒಬ್ಬರಿಗೆ ದಿನಕ್ಕೆ 135 ಲೀಟರ್ ನೀರು ಅಂತ ಎಂಜಿನಿಯರ್‌ಗಳ ಲೆಕ್ಕ. ಅದರಲ್ಲಿ ನೂರಕ್ಕೆ ಎಂಬತ್ತು ಪಾಲು ಚರಂಡಿಗೆ. ಅಂದರೆ ದಿನಕ್ಕೆ ಸುಮಾರು 86 ಸಾವಿರ ಲೀಟರ್. 5 ಸಾವಿರ ಲೀಟರ್‌ನ ಟ್ಯಾಂಕರ್ ದಿನಕ್ಕೆ 17-18 ಸಲ ಬಂದು ಹೀರಬೇಕು. ನಮ್ಮಲ್ಲಿಗೆ ವಾರಕ್ಕೊಮ್ಮೆ ಬರುತ್ತದೆ, ಅದೂ ಡ್ರೈವರ್ ಊರಲ್ಲಿದ್ದರೆ.

ಪಟ್ಟಣ ಪಂಚಾಯಿತಿಯವರು, 'ಬಡಾವಣೆ ನಮಗೆ ಹಸ್ತಾಂತರ ಆಗಿಲ್ಲ ಸಾರ್' ಅಂದರು. ಹಾಗಾದರೆ ನಮ್ಮ ಕಂದಾಯ ಯಾವಾಗ ಹಸ್ತಾಂತರ ಆಯ್ತು ಅಂತ ಕೇಳಿದೆ. ಅದು ಆನ್‌ಲೈನ್ ಅಂತೆ. ಬಡಾವಣೆಗೆ ಒಪ್ಪಿಗೆ ಕೊಟ್ಟ ಅಭಿವೃದ್ಧಿ ಪ್ರಾಧಿಕಾರದಲ್ಲಿ, 'ನಾವು ಕೊಡೋಕೆ ರೆಡಿ, ಅವರೇ ತಗೊಳ್ತಿಲ್ಲ' ಅಂದರು. ತಗೊಳ್ಳೋದಿಲ್ಲ ಯಾಕೆ ಅಂದರೆ, ಒಳಚರಂಡಿ ಸರಿಯಿಲ್ಲ. ಸರಿ ಮಾಡೋದು ಯಾರು ಅಂದರೆ, ತಗೊಂಡವರು. ನಿಜ ಹೇಳಬೇಕಂದ್ರೆ ಪಂಚಾಯಿತಿಯವರದ್ದೂ ಪೂರ್ತಿ ತಪ್ಪಲ್ಲ. ಅರ್ಧಂಬರ್ಧ ಬಡಾವಣೆ ತಗೊಂಡರೆ ಆ ಕೊಳವೆ ಖರ್ಚು ಅವರ ತಲೆಗೇ ಬರುತ್ತದೆ. ಹೆಣ್ಣಿನ ಕಡೆಯವರು, ಗಂಡಿನ ಕಡೆಯವರು ಇಬ್ಬರೂ ಛತ್ರದ ಬಿಲ್ ನೋಡಿ ಜಾಗ ಖಾಲಿ ಮಾಡಿದ ಹಾಗೆ. ಬಡಾವಣೆ ಮಾಡಿದವರ ಫೋನಂತೂ ಸ್ವಿಚ್ ಆಫ್.

ಆದರೆ ಕೊಳಚೆ ಯಾರ ಸಹಿಗೂ ಕಾಯೋದಿಲ್ಲ. ಗುಂಡಿ ತುಂಬಿ, ಮಳೆನೀರಿನ ಮೋರಿ ಹಿಡಿದು ಕೆರೆಗೆ ಇಳಿದಿದೆ. ಬೇಸಿಗೆಯಲ್ಲೂ ಮೋರಿ ಹರಿಯುತ್ತಿದ್ದರೆ ಅದು ಮಳೆನೀರಲ್ಲ ಅಂತ ತಿಳಿಯಲು ಲ್ಯಾಬ್ ಬೇಕಿಲ್ಲ. ಕೆರೆ ತುಂಬಾ ಅಂತರಗಂಗೆ ಸೊಂಪಾಗಿ ಬೆಳೆದಿದೆ. ಹೊಸಬರು ಹಸಿರು ಅಂತ ಫೋಟೊ ತಗೋತಾರೆ.

ಎದುರುಮನೆ ಅಜ್ಜಿ ಜಗಲಿ ಮೇಲೆ ಕೂತು ನನ್ನ ಓಡಾಟವನ್ನೆಲ್ಲ ಕೇಳಿಸಿಕೊಂಡರು.

'ಅಲ್ಲ ಕಣಪ್ಪ, ಮೊದ್ಲು ನಾವೇ ಚೊಂಬು ಹಿಡ್ಕಂಡು ಕೆರೆ ಕಡೆ ಹೋಗ್ತಿದ್ವಿ. ಈಗ ಮನೇಲೇ ಕೂತ್ಕತೀವಿ, ಅದೇ ಹೋಗ್ತದೆ.'